ನಮ್ಮದಲ್ಲದ ಒಂದು ಪುಟ

ತೀರಿಹೋದ ಹಿರಿಯರ ಕೈಬರಹ ನಮ್ಮ ಕೈಗೆ ಬಂದರೆ ಅದರೊಡನೆ ನಮಗೆ ಏನೇನು ಬಂದಂತಾಯಿತು? ಕಾಗದವಂತೂ ಬಂತು. ಅದರಲ್ಲಿ ಬರೆದಿರುವ ಪ್ರತಿಯೊಂದು ಮಾತನ್ನೂ ನಮಗೆ ಬೇಕಾದವರಿಗೆಲ್ಲ ಹಂಚುವ ಹಕ್ಕೂ ಬಂತೇ? ಪುಸ್ತಕ ಒಂದೇ ಒಂದು ಇದ್ದು, ಅಡಿಗೆಮನೆಯ ಮಾಡದಲ್ಲಿ ಕೂತಿರುವವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದನ್ನು ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ನಾಲ್ಕು ಊರಿನ ಮಕ್ಕಳು ಮೊಮ್ಮಕ್ಕಳಿಗೆ ಕಳುಹಿಸಲು ಹೊರಟ ದಿನ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. ನಮ್ಮ ಅಜ್ಜಿಯ ಅಡಿಗೆ ಪುಸ್ತಕವನ್ನು ಹಾಗೆ ಮಾಡಲು ಹೊರಟಾಗ ನಮ್ಮ ಮನೆಯಲ್ಲಿ ಆದ ಚರ್ಚೆಯನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪುಸ್ತಕಗಳು ನಮ್ಮ ಧರ್ಮಕೇಂದ್ರದ ಅನೇಕ ಮನೆಗಳಲ್ಲಿವೆ.

ಪುಸ್ತಕದ ವಿಷಯ ಮೊದಲು ಹೇಳುತ್ತೇವೆ. ಉದ್ದನೆಯ ಲೆಕ್ಕದ ಪುಸ್ತಕ, ಬರೆದ ಪುಟಗಳು 118. ಕಾಸರಗೋಡು ತಾಲೂಕಿನ ನಮ್ಮ ಅನೇಕ ಮನೆಗಳಂತೆ ಅಜ್ಜಿಗೂ ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಗದ್ದೆಯ ಮಾತು ತುಳು, ಪೇಟೆಯಲ್ಲಿ ಮಲಯಾಳ. ಆದ್ದರಿಂದ ಲಿಪಿ ಪೂರ್ತಿ ಕನ್ನಡ, ಒಂದೇ ಸಾಲಿನಲ್ಲಿ ಮಾತ್ರ ಎರಡು ಮೂರು ಭಾಷೆ. ಮೊದಲ ಪುಟಗಳಲ್ಲಿ ಸಾಮಾನಿನ ಲೆಕ್ಕ ಸೇರು, ರಾತ್ಲು, ಆಣೆಗಳಲ್ಲಿದೆ; ಕೊನೆಯ ಪುಟಗಳಲ್ಲಿ ಕಿಲೋ ಮತ್ತು ಪೈಸೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾ ಪೈಸೆ ಬಂತು. ತಾರೀಖು ಹಾಕದ ಪುಟ ಹೆಚ್ಚುಕಡಿಮೆ ಯಾವ ಕಾಲದ್ದೆಂದು ಹೇಳಲು ನಮಗೆ ಸಿಕ್ಕಿದ ಗುರುತು ಇದೊಂದೇ. ಅಜ್ಜಿಯ ಮೊಮ್ಮಕ್ಕಳಲ್ಲಿ ಕೆಲವರು ಮಲಯಾಳ ಶಾಲೆಯಲ್ಲಿ ಕಲಿತವರು, ಕೆಲವರು ಇಂಗ್ಲಿಷ್ ಶಾಲೆಯಲ್ಲಿ ಕಲಿತವರು. ಕೊಂಕಣಿ ಮಾತನಾಡುತ್ತಾರೆ, ಕನ್ನಡ ಅಕ್ಷರ ಓದಲಾರರು. ಪುಸ್ತಕವನ್ನು ಓದಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಬೇಕೆಂದು ಹೊರಟದ್ದಕ್ಕೆ ಕಾರಣ ಇದು.

ಚಿತ್ರ ತೆಗೆಯುವ ಕೆಲಸ ಕಷ್ಟವೇನಲ್ಲ, ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಮೊಬೈಲಿನ ಸ್ಕ್ಯಾನ್ ಆಪ್‌ಗಳಲ್ಲಿ ಪುಟವನ್ನು ಬೆಳ್ಳಗೆ ಮಾಡಿ ಅಕ್ಷರವನ್ನು ಕಪ್ಪಗೆ ಎದ್ದು ಕಾಣಿಸುವ ಒಂದು ವಿಧಾನ ಇರುತ್ತದೆ. ನೋಡಲು ಚೆನ್ನಾಗಿರುತ್ತದೆ. ಆದರೆ ಅದು ಅರಿಶಿನದ ಕಲೆ, ಎಣ್ಣೆಯ ಕಲೆಗಳ ಜೊತೆಗೆ ಮಾಸಿದ ಪೆನ್ಸಿಲ್ ಬರಹವನ್ನೂ ಕೊಳೆ ಎಂದೇ ತಿಳಿದು ಅಳಿಸಿಬಿಡುತ್ತದೆ. ಅಜ್ಜಿ ಮೊದಲು ಶಾಯಿಯಲ್ಲಿ ಬರೆದು, ಮಾಡಿ ನೋಡಿದ ಮೇಲೆ ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ‘ಉಪ್ಪು ಹೆಚ್ಚಾಯಿತು’, ‘ಈ ಅಳತೆಗೆ ಹತ್ತು ಜನಕ್ಕೆ ಸಾಲದು’ ಎಂಬವೆಲ್ಲ ಪೆನ್ಸಿಲಿನವು. ಅನುಭವದ ಮಾತೇ ಮಾಯವಾದರೆ ಪ್ರತಿ ಮಾಡಿ ಪ್ರಯೋಜನವೇನು? ಆದ್ದರಿಂದ ಬಣ್ಣದಲ್ಲೇ, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ತೆಗೆದೆವು. ಎಣ್ಣೆ ಹೀರಿದ ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡಿ ಕಾಣುತ್ತದೆ. ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಟ್ಟರೆ ಅದು ಬಹಳ ಮಟ್ಟಿಗೆ ತಗ್ಗುತ್ತದೆ. ಕೊನೆಗೆ ಒಬ್ಬರು ಮೂಲ ಪುಸ್ತಕ ಹಿಡಿದು, ಇನ್ನೊಬ್ಬರು ಚಿತ್ರ ನೋಡುತ್ತಾ, ಪುಟಪುಟಕ್ಕೂ ಪೆನ್ಸಿಲ್ ಗುರುತುಗಳನ್ನು ಎಣಿಸಿ ತಾಳೆ ನೋಡಿದೆವು.

ಚಿತ್ರ ತೆಗೆದಾದ ಮೇಲೆ ಬಂದದ್ದು ಓದಿ ಬರೆಯುವ ಕೆಲಸ. ಮೊದಲ ನೈತಿಕ ಪ್ರಶ್ನೆ ಬಂದದ್ದು ಇಲ್ಲಿ: ಅಜ್ಜಿಯ ಮಾತನ್ನು ನಾವು ಎಷ್ಟು ತಿದ್ದಬಹುದು?

ಸಾನ್ನಾಂ ಮಾಡುವ ಪುಟವನ್ನೇ ತೆಗೆದುಕೊಳ್ಳಿ. ಕುಚ್ಚಲಕ್ಕಿ ಮೂರು ಕುಡ್ತೆ, ಉದ್ದು ಅರ್ಧ ಕುಡ್ತೆ, ಕಳ್ಳು ಬೇಕಾದಷ್ಟು ಎಂದಿದೆ. ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕುಡ್ತೆ ಎಂದರೆ ಎಷ್ಟು ಎಂದು ಬೇರೆ ಬೇರೆ ಮನೆಯವರನ್ನು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ. ಆದರೆ ಅಜ್ಜಿ ಅಳೆಯುತ್ತಿದ್ದ ಹಿತ್ತಾಳೆಯ ಕುಡ್ತೆ ಮನೆಯಲ್ಲಿ ಇನ್ನೂ ಇದೆ. ಅದಕ್ಕೆ ನೀರು ತುಂಬಿಸಿ ಅಳೆದೆವು, 240 ಮಿಲಿಲೀಟರ್. ಅಕ್ಕಿ ತುಂಬಿ ಮೇಲೆ ಕೈಯಿಂದ ಸಮ ಮಾಡಿ ತೂಗಿದರೆ ಸುಮಾರು 200 ಗ್ರಾಂ; ಗೋಪುರದ ಹಾಗೆ ರಾಶಿ ತುಂಬಿದರೆ 235ರ ಹತ್ತಿರ. ಅಜ್ಜಿ ಯಾವ ರೀತಿ ತುಂಬುತ್ತಿದ್ದರೆಂದು ಅವರ ಜೊತೆ ಅಡಿಗೆ ಮಾಡಿದ ಅತ್ತೆಯನ್ನು ಕೇಳಿದೆವು. ಅಕ್ಕಿಗೆ ರಾಶಿ, ಉದ್ದಿಗೆ ಸಮ ಎಂದರು. ಈ ವಿವರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅತ್ತೆಯ ಕೈಯಲ್ಲಿ ಮಾತ್ರ ಇತ್ತು.

ಇನ್ನು ‘ಕಳ್ಳು ಬೇಕಾದಷ್ಟು’. ನಮ್ಮಲ್ಲಿ ಒಬ್ಬರು ಇದನ್ನು ‘ಅರ್ಧ ಕಪ್’ ಎಂದು ಬರೆದರೆ ಎಲ್ಲರಿಗೂ ಅನುಕೂಲ ಎಂದರು. ಆದರೆ ಅಜ್ಜಿ ಸೋಮಾರಿತನದಿಂದ ಹಾಗೆ ಬರೆದದ್ದಲ್ಲ. ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳು ಸಿಹಿಯಾಗಿರುತ್ತದೆ, ಹೊತ್ತು ಏರಿದಂತೆ ಹುಳಿಯಾಗಿ ಬಲಿಯುತ್ತದೆ. ಬೆಳಗಿನದಕ್ಕೆ ಒಂದು ಅಳತೆ, ಮಧ್ಯಾಹ್ನದ್ದಕ್ಕೆ ಇನ್ನೊಂದು. ಮಳೆಗಾಲದ ಚಳಿಗೆ ಒಂದು, ಸೆಕೆಗೆ ಮತ್ತೊಂದು. ಹಿಟ್ಟು ಉಬ್ಬಿ ಎರಡರಷ್ಟಾಗಿ ಮೇಲೆ ಗುಳ್ಳೆ ಎದ್ದಿರುವಾಗ ಹಬೆಗೆ ಇಡಬೇಕು. ಉಬ್ಬಿದ್ದು ಕುಸಿದು ಹುಳಿವಾಸನೆ ಬಂದರೆ ಹೊತ್ತು ಮೀರಿತೆಂದು ಅರ್ಥ. ‘ಬೇಕಾದಷ್ಟು’ ಎಂಬುದರೊಳಗೆ ಇಷ್ಟೆಲ್ಲ ಇದೆ. ಅದನ್ನು ‘ಅರ್ಧ ಕಪ್’ ಮಾಡಿದರೆ ಅಜ್ಜಿ ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ, ಅದೂ ತಪ್ಪು ಮಾತನ್ನು.

ಇನ್ನೊಂದು ಪುಟದಲ್ಲಿ ‘ಎರಡು ಆಣೆಯ ಏಲಕ್ಕಿ’ ಎಂದಿದೆ. ಅದು ಅಂದಿನ ಅಂಗಡಿಯವನು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ ಪೊಟ್ಟಣ. ಆ ವರ್ಷ ಆ ಅಂಗಡಿಯಲ್ಲಿ ಏಲಕ್ಕಿಗೆ ಏನು ಬೆಲೆ ಇತ್ತೆಂದು ಹೇಳುವವರಿಲ್ಲ. ಆದ್ದರಿಂದ ಇದನ್ನು ಗ್ರಾಮಿಗೆ ತಿರುಗಿಸಲು ದಾರಿಯಿಲ್ಲ. ಊಹೆ ಮಾಡಬಹುದು, ಅಷ್ಟೆ.

ಕೊನೆಗೆ ಪುಸ್ತಕವನ್ನು ಮೂರು ಪಾಲು ಮಾಡಿದೆವು. ಎಡ ಪುಟದಲ್ಲಿ ಅಜ್ಜಿಯ ಕೈಬರಹದ ಚಿತ್ರ. ಬಲ ಪುಟದ ಮೇಲೆ ಅವರು ಬರೆದದ್ದು ಬರೆದ ಹಾಗೆಯೇ, ಕಾಗುಣಿತ ಸಹಿತ. ಅದರ ಕೆಳಗೆ ಒಂದು ಗೆರೆ ಎಳೆದು ನಮ್ಮ ವಿವರಣೆ, ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ಕುಡ್ತೆಯ ಗ್ರಾಂ ಲೆಕ್ಕ, ಅತ್ತೆಯ ಮಾತು, ಏಲಕ್ಕಿಗೆ ನಮ್ಮ ಊಹೆ ಎಲ್ಲವೂ ಗೆರೆಯ ಕೆಳಗೆ. ಊಹೆ ಇದ್ದಲ್ಲಿ ಊಹೆ ಎಂದೇ ಬರೆದೆವು. ಗೆರೆಯ ಮೇಲಿನದಕ್ಕೆ ಅಜ್ಜಿ ಜವಾಬ್ದಾರರು, ಕೆಳಗಿನದಕ್ಕೆ ನಾವು. ಸಾನ್ನಾಂ ಗಟ್ಟಿಯಾದರೆ ಯಾರನ್ನು ಬೈಯಬೇಕೆಂದು ಮೊಮ್ಮಕ್ಕಳಿಗೆ ತಿಳಿಯಬೇಕಲ್ಲ.

ಇಷ್ಟರವರೆಗೆ ಚರ್ಚೆ ಸುಲಭವಾಗಿತ್ತು. 73ನೆಯ ಪುಟಕ್ಕೆ ಬಂದಾಗ ನಿಂತುಹೋಯಿತು.

ಅದು ಬಾಫಾತ್ ಪುಡಿಯ ಪುಟ. ತಲೆಯಲ್ಲಿ ನೆರೆಮನೆಯ ಬಾಯಿಯ ಹೆಸರು. ಅದರ ಕೆಳಗೆ ಅಜ್ಜಿಯ ಅಕ್ಷರದಲ್ಲಿ: ‘ಇದು ಬಾಯಿಯದು. ನಮ್ಮದಲ್ಲ. ಅವಳು ಕೇಳಿದಾಗ ಓದಿ ಹೇಳುವುದು. ಬೇರೆಯವರಿಗೆ ಕೊಡುವುದಿಲ್ಲ ಎಂದು ಹೇಳಿದ್ದೇನೆ.’ ಅದರ ಕೆಳಗೆ ಸಾಮಾನುಗಳು, ಪ್ರತಿಯೊಂದರ ತೂಕ, ಯಾವುದನ್ನು ಯಾವುದರ ನಂತರ ಎಂಬ ಕ್ರಮ.

ಹಿರಿಯರಿಗೆ ವಿಷಯ ಗೊತ್ತಿತ್ತು. ಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಬಾಫಾತ್ ಪುಡಿ ಮಾಡಿ ಮಾರಿಯೇ ಮಕ್ಕಳನ್ನು ಸಾಕಿದರು. ಕ್ರಿಸ್ಮಸ್, ಮೊಂತಿ ಹಬ್ಬ, ಮದುವೆಯ ಮುಂಚೆ ಜನ ಮನೆಗೆ ಬಂದು ಕೊಳ್ಳುತ್ತಿದ್ದರು. ಅವರಿಗೆ ಓದುಬರಹ ಬಾರದು. ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಲೆಕ್ಕ ತಪ್ಪಬಾರದೆಂದು ಅಜ್ಜಿಯ ಹತ್ತಿರ ಬರೆಸಿ ಇಟ್ಟಿದ್ದರು. ಈಗ ಬಾಯಿಯೂ ಇಲ್ಲ, ಅಜ್ಜಿಯೂ ಇಲ್ಲ. ಬಾಯಿಯ ಸೊಸೆ ಇದ್ದಾರೆ. ಅದೇ ಪುಡಿಯನ್ನು ಅವರು ಇವತ್ತಿಗೂ ಮಾಡಿ ಮಾರುತ್ತಾರೆ.

ಬಾಫಾತ್ ಪುಡಿಗೆ ಏನೇನು ಬೀಳುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಲವಂಗ, ಚಕ್ಕೆ. ಸಾಮಾನು ಗುಟ್ಟಲ್ಲ. ಆದರೆ ಪುಡಿ ಎಂಬುದು ಬೇರೆ ಅಡಿಗೆಯ ಹಾಗಲ್ಲ. ಸಾನ್ನಾಂ ಮಾಡುವ ಕ್ರಮವನ್ನು ಬರೆದುಕೊಟ್ಟರೂ ಕೈ ಪಳಗುವವರೆಗೆ ಬರುವುದಿಲ್ಲ. ಪುಡಿಯಲ್ಲಿ ಎಲ್ಲವೂ ತೂಕದಲ್ಲೇ ಇದೆ. ಎಷ್ಟಕ್ಕೆ ಎಷ್ಟು, ಯಾವುದನ್ನು ಬರೇ ಬಿಸಿಲಿಗೆ ಹಾಕಬೇಕು, ಯಾವುದನ್ನು ಬಾಣಲೆಗೆ ತೋರಿಸಬೇಕು ಎಂದು ಗೊತ್ತಾದರೆ ಒಂದು ತಕ್ಕಡಿ ಇರುವ ಯಾರೂ ಅದೇ ಪುಡಿಯನ್ನು ಮಾಡಬಹುದು. ಅಂದರೆ ಈ ಒಂದು ಪುಟ ಹೊರಗೆ ಹೋದರೆ ಆ ಮನೆಯ ಬಂಡವಾಳವೇ ಹೊರಗೆ ಹೋದಂತೆ.

ಮನೆಯಲ್ಲಿ ನಾಲ್ಕು ಬಗೆಯ ವಾದ ಬಂತು. ಒಂದೊಂದನ್ನೂ ತೂಗಿ ನೋಡಿದೆವು.

ಮೊದಲನೆಯದು, ಪುಸ್ತಕ ನಮ್ಮದು, ಆದ್ದರಿಂದ ಪುಟವೂ ನಮ್ಮದು. ಆದರೆ ಊರಿಗೆ ಹೋಗುವಾಗ ನೆರೆಯವರು ತಮ್ಮ ಒಡವೆಯನ್ನು ನಮ್ಮ ಕಪಾಟಿನಲ್ಲಿ ಇಟ್ಟು ಹೋದರೆ ಕಪಾಟು ನಮ್ಮದೆಂದು ಒಡವೆಯೂ ನಮ್ಮದಾಗುವುದಿಲ್ಲ. ಬಾಯಿಗೆ ಬರೆಯಲು ಬಂದಿದ್ದರೆ ಆ ಪುಟ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ. ಅಜ್ಜಿ ಇಲ್ಲಿ ಬರೆಯುವ ಕೈ ಮಾತ್ರ.

ಎರಡನೆಯದು, ಮಾತು ಕೊಟ್ಟವರೂ ಪಡೆದವರೂ ತೀರಿಹೋದರು, ಇನ್ನು ಮಾತು ಯಾರ ಮೇಲೆ? ಇದಕ್ಕೆ ಉತ್ತರ ಹುಡುಕಲು ಆ ಮಾತು ಯಾಕೆ ಹುಟ್ಟಿತೆಂದು ನೋಡಬೇಕು. ಬಾಯಿ ನಾಚಿಕೆಯಿಂದ ಗುಟ್ಟು ಮಾಡಿದ್ದಲ್ಲ, ಹೊಟ್ಟೆಪಾಡಿಗಾಗಿ ಮಾಡಿದ್ದು. ಆ ಹೊಟ್ಟೆಪಾಡು ಸೊಸೆಯ ಕೈಯಲ್ಲಿ ಇನ್ನೂ ನಡೆಯುತ್ತಿದೆ. ಕಾರಣ ಬದುಕಿರುವಾಗ ಮಾತು ಸತ್ತಿತೆನ್ನಲಾಗದು. ತಂದೆಯ ಆಸ್ತಿ ಪಡೆದ ಮಕ್ಕಳು ಆ ಆಸ್ತಿಯ ಮಟ್ಟಿಗೆ ತಂದೆಯ ಸಾಲಕ್ಕೂ ಹೊಣೆ ಎಂದು ಕಾನೂನು ಹೇಳುತ್ತದೆ. ಅಜ್ಜಿಯ ಪುಸ್ತಕ ನಮಗೆ ಆಸ್ತಿಯಾಗಿ ಬಂದಿದ್ದರೆ ಅದರಲ್ಲಿ ಬರೆದಿರುವ ಮಾತು ಸಾಲವಾಗಿ ಬಂದಿದೆ.

ಮೂರನೆಯದು, ಇವತ್ತು ಬಾಫಾತ್ ಪುಡಿಯ ಪಾಕ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ, ಇದೊಂದನ್ನು ಮುಚ್ಚಿ ಏನು ಪ್ರಯೋಜನ? ಅಷ್ಟು ಸಿಗುವುದಾದರೆ ಇದೊಂದನ್ನು ಬಿಟ್ಟರೆ ನಮಗೂ ನಷ್ಟವಿಲ್ಲ. ಇದೇ ಬೇಕೆಂದು ನಮ್ಮ ಮನಸ್ಸು ಎಳೆಯುವುದು ಇದು ಬೇರೆಲ್ಲೂ ಸಿಗದ್ದರಿಂದ.

ನಾಲ್ಕನೆಯ ವಾದಕ್ಕೆ ಮಾತ್ರ ಸುಲಭದ ಉತ್ತರ ಇರಲಿಲ್ಲ. ಬರಹದಲ್ಲಿ ಈ ಪಾಕ ಇರುವುದು ಇಲ್ಲಿ ಮಾತ್ರ. ನಾವು ಬಿಟ್ಟರೆ, ನಾಳೆ ಗೆದ್ದಲು ಹಿಡಿದರೆ, ಹೋದದ್ದು ಹೋಗಿಯೇ ಬಿಡುತ್ತದೆ. ಹಳೆಯದನ್ನು ಉಳಿಸುವುದೂ ಕರ್ತವ್ಯವಲ್ಲವೇ ಎಂದು ಚಿಕ್ಕಪ್ಪ ಕೇಳಿದರು. ಇದನ್ನು ಯೋಚಿಸುತ್ತಾ ಹೋದಾಗ ನಾವು ಎರಡು ಕೆಲಸಗಳನ್ನು ಒಂದೇ ಎಂದುಕೊಂಡಿರುವುದು ಕಂಡಿತು. ಉಳಿಸುವುದು ಒಂದು, ಹರಡುವುದು ಇನ್ನೊಂದು. ಉಳಿಸಲು ಒಳ್ಳೆಯ ಒಂದು ಪ್ರತಿ ಸರಿಯಾದ ಕೈಯಲ್ಲಿದ್ದರೆ ಸಾಕು. ಪಿಡಿಎಫ್ ಮಾಡಿದಾಗ ಎರಡೂ ಒಟ್ಟಿಗೆ ಆಗಿಬಿಡುವುದರಿಂದ ನಮಗೆ ವ್ಯತ್ಯಾಸ ಕಾಣುವುದಿಲ್ಲ.

ಗುಟ್ಟಿನ ವಿಷಯದಲ್ಲಿ ನಮ್ಮ ಸಭೆಯ ನೀತಿಶಾಸ್ತ್ರದಲ್ಲಿ ಒಂದು ಹಳೆಯ ವಿಂಗಡಣೆ ಇದೆ. ಅದು ನಮಗೆ ಇಲ್ಲಿ ಬಹಳ ಸಹಾಯ ಮಾಡಿತು. ಗುಟ್ಟು ಮೂರು ಬಗೆ. ಅಕಸ್ಮಾತ್ತಾಗಿ ನಮಗೆ ತಿಳಿದದ್ದು, ಹೇಳಿದರೆ ಇನ್ನೊಬ್ಬರಿಗೆ ನೋವಾಗುವಂಥದ್ದು ಮೊದಲನೆಯದು. ಯಾರೂ ಮಾತು ತೆಗೆದುಕೊಳ್ಳದಿದ್ದರೂ ಅದನ್ನು ಕಾಯಬೇಕು. ತಿಳಿದ ಮೇಲೆ ಹೇಳುವುದಿಲ್ಲವೆಂದು ಮಾತು ಕೊಟ್ಟದ್ದು ಎರಡನೆಯದು. ಕಾಯುತ್ತೇವೆ ಎಂಬ ನಂಬಿಕೆಯ ಮೇಲೆಯೇ ನಮಗೆ ಒಪ್ಪಿಸಿದ್ದು ಮೂರನೆಯದು. ರೋಗಿ ವೈದ್ಯರಿಗೆ, ಕಕ್ಷಿಗಾರ ವಕೀಲರಿಗೆ ಹೇಳುವುದು ಈ ಬಗೆಯದು. ಪಾಪನಿವೇದನೆಯ ಗುಟ್ಟು ಬೇರೆಯೇ, ಅದು ಈ ಲೆಕ್ಕಕ್ಕೆ ಸೇರದು. ಈ ಮೂರರಲ್ಲಿ ಮೂರನೆಯದರ ಕಟ್ಟು ಎಲ್ಲಕ್ಕಿಂತ ಬಿಗಿ. ಮುಚ್ಚಿಡುವುದರಿಂದ ಯಾರಿಗಾದರೂ ದೊಡ್ಡ ಕೇಡು ಬರುವುದಾದರೆ ಮಾತ್ರ ಸಡಿಲ. ಒಂದು ಮಸಾಲೆ ಪುಡಿಯನ್ನು ಮುಚ್ಚಿಟ್ಟರೆ ಯಾರಿಗೂ ಕೇಡಿಲ್ಲ. ಬಾಯಿಯ ಪುಟ ಮೂರನೆಯ ಬಗೆಯದು ಎಂಬಲ್ಲಿ ನಮ್ಮಲ್ಲಿ ಮತಭೇದ ಉಳಿಯಲಿಲ್ಲ.

ಈ ವಿಂಗಡಣೆಯನ್ನು ಕೈಯಲ್ಲಿ ಹಿಡಿದು ಪುಸ್ತಕವನ್ನು ಮತ್ತೆ ತಿರುವಿದಾಗ ಮೊದಲ ಬಗೆಯದೂ ಒಂದು ಸಿಕ್ಕಿತು. ಹಪ್ಪಳದ ಪುಟದ ಬದಿಯಲ್ಲಿ ಆಟಿ ತಿಂಗಳಲ್ಲಿ ಅಕ್ಕಿ ಕಡ ಕೊಂಡುಹೋದ ಮನೆಗಳ ಪಟ್ಟಿ ಇದೆ. ಕೆಲವು ಹೆಸರಿನ ಮುಂದೆ ‘ಬಂತು’ ಎಂದಿದೆ, ಕೆಲವರ ಮುಂದೆ ಏನೂ ಇಲ್ಲ. ಆ ಮನೆಗಳ ಮೊಮ್ಮಕ್ಕಳು ಇವತ್ತು ನಮ್ಮ ಪಕ್ಕದ ಬೆಂಚಿನಲ್ಲಿ ಕೂರುವವರು. ಗುಟ್ಟಾಗಿಡಿ ಎಂದು ಯಾರೂ ನಮಗೆ ಹೇಳಿಲ್ಲ. ಆದರೂ ಹೆಸರುಗಳನ್ನು ಮುಚ್ಚಿದೆವು, ಅಕ್ಕಿಯ ಲೆಕ್ಕವನ್ನು ಮಾತ್ರ ಬಿಟ್ಟೆವು. ಆ ವರ್ಷದ ಆಟಿ ಎಷ್ಟು ಕಷ್ಟದ್ದೆಂದು ಅಷ್ಟರಿಂದಲೇ ತಿಳಿಯುತ್ತದೆ.

ಬಾಯಿಯ ಪುಟದ ವಿಷಯವನ್ನು ನಮ್ಮಷ್ಟಕ್ಕೆ ನಾವೇ ತೀರ್ಮಾನಿಸದೆ ಸೊಸೆಯ ಹತ್ತಿರ ಹೋದೆವು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪುಸ್ತಕವನ್ನೇ ತೆಗೆದುಕೊಂಡು ಹೋದೆವು. ಇಂಥದ್ದೊಂದು ಪುಟ ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅತ್ತೆ ಬಾಯಿಮಾತಿನಲ್ಲಿ ಹೇಳಿಕೊಟ್ಟದ್ದನ್ನೇ ಅವರು ಇಷ್ಟು ವರ್ಷ ಮಾಡಿಕೊಂಡು ಬಂದವರು. ‘ಏನು ಬರೆದಿದೆ, ಓದಿ ಮಕ್ಕಳೇ’ ಎಂದರು. ಅವರು ಕೇಳಿದಾಗ ಓದಿ ಹೇಳುವುದು ಎಂದು ಅಜ್ಜಿ ಬರೆದ ಹಾಗೆಯೇ ಆಯಿತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ನಿಧಾನವಾಗಿ ಓದಿದೆವು. ರಾತ್ಲು ಎಂದರೆ ಪೌಂಡು, ಸುಮಾರು 454 ಗ್ರಾಂ ಎಂದು ಲೆಕ್ಕ ಮಾಡಿ ಹೇಳಿದೆವು. ಒಂದು ಸಾಮಾನಿನ ಹತ್ತಿರ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. ಮತ್ತೊಮ್ಮೆ ಓದಿಸಿದರು. ತಾವು ಈಗ ಹಾಕುತ್ತಿರುವುದು ಅದಕ್ಕಿಂತ ಬಹಳ ಬೇರೆ ಎಂದರು. ಯಾವಾಗ ಬದಲಾಯಿತೆಂದು ಅವರಿಗೂ ನೆನಪಿಲ್ಲ. ಬೆಲೆ ಏರಿದ ವರ್ಷ ಸ್ವಲ್ಪ ಕಡಿಮೆ ಮಾಡಿದ್ದು ಹಾಗೆಯೇ ನಿಂತಿರಬೇಕು ಎಂದರು. ಅದು ಯಾವ ಸಾಮಾನು ಎಂದು ಇಲ್ಲಿ ಬರೆಯಲಾರೆವು.

ಆಮೇಲೆ ಪಿಡಿಎಫ್ ವಿಷಯ ಹೇಳಿದೆವು. ಎಷ್ಟು ಜನರಿಗೆ ಹೋಗುತ್ತದೆ ಎಂದು ಕೇಳಿದರು. ಈಗ ನಲವತ್ತು ಮನೆಗೆ, ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆಂದು ಹೇಳಲು ಬರುವುದಿಲ್ಲ ಎಂದೆವು. ‘ಹಾಗಾದರೆ ಬೇಡ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ಅಜ್ಜಿ ಬರೆದು ಇಟ್ಟಿದ್ದಾರೆ ಎಂದು ಬೇಕಾದರೆ ಹಾಕಿ, ಅದು ಎಲ್ಲರಿಗೂ ತಿಳಿಯಲಿ’ ಎಂದರು.

ಅವರ ಮಾತಿನಂತೆ ಮಾಡಿದೆವು. 73ನೆಯ ಪುಟವನ್ನು ಕಿತ್ತುಹಾಕಿ 72ರ ನಂತರ 74 ಎಂದು ಹಾರಿಸಿಬಿಡಬಹುದಿತ್ತು, ಅಥವಾ ಪುಟಸಂಖ್ಯೆಯನ್ನೇ ಬದಲಾಯಿಸಿ ಯಾರಿಗೂ ಗೊತ್ತಾಗದಂತೆ ಮಾಡಬಹುದಿತ್ತು. ಹಾಗೆ ಮಾಡಿದರೆ ಗುಟ್ಟು ಉಳಿಯುತ್ತದೆ, ಆದರೆ ಪುಸ್ತಕ ಸುಳ್ಳಾಗುತ್ತದೆ. ಹೇಳದೆ ಬಿಡುವುದಕ್ಕೂ ಇಲ್ಲವೇ ಇಲ್ಲ ಎಂದು ನಟಿಸುವುದಕ್ಕೂ ಅಂತರವಿದೆ. ಆದ್ದರಿಂದ 73 ಎಂಬ ಸಂಖ್ಯೆ ಅಲ್ಲೇ ಇದೆ. ‘ಇದು ಬಾಯಿಯದು. ನಮ್ಮದಲ್ಲ’ ಎಂಬ ಅಜ್ಜಿಯ ಸಾಲುಗಳ ಚಿತ್ರ ಇದೆ, ಹೆಸರಿಲ್ಲದೆ. ಅದರ ಕೆಳಗೆ ಖಾಲಿ. ಗೆರೆಯ ಕೆಳಗೆ ನಮ್ಮ ಒಂದು ಮಾತು: ಇಲ್ಲಿರುವುದು ಇನ್ನೊಂದು ಮನೆಗೆ ಸೇರಿದ್ದು, ಅವರ ಇಚ್ಛೆಯಂತೆ ಮುಚ್ಚಿದೆ.

ಮುಚ್ಚುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮನಸ್ಸು ಒಳ್ಳೆಯದಿದ್ದೂ ಗುಟ್ಟು ಸೋರುವುದು ಇಲ್ಲಿಯೇ. ಪಿಡಿಎಫ್ ಮೇಲೆ ಒಂದು ಕಪ್ಪು ಚೌಕ ಎಳೆದರೆ ಅಕ್ಷರ ಕಾಣುವುದಿಲ್ಲ, ನಿಜ. ಆದರೆ ಹೆಚ್ಚಿನ ಸಂದರ್ಭದಲ್ಲಿ ಆ ಚೌಕ ಚಿತ್ರದ ಮೇಲೆ ಅಂಟಿಸಿದ ಕಾಗದದ ತುಂಡಿನಂತೆ ಇರುತ್ತದೆ. ಪಿಡಿಎಫ್ ತಿದ್ದುವ ಸಾಫ್ಟ್‌ವೇರ್ ಇರುವವರು ಅದನ್ನು ಹಿಡಿದು ಪಕ್ಕಕ್ಕೆ ಸರಿಸಿದರೆ ಕೆಳಗಿನದೆಲ್ಲ ಹಾಗೆಯೇ ಇರುತ್ತದೆ. ಪರೀಕ್ಷೆಯೂ ಅದೇ: ಚೌಕದ ಮೇಲೆ ಒತ್ತಿ, ಸರಿಸಲು ಅಥವಾ ಅಳಿಸಲು ನೋಡುವುದು. ಸರಿದರೆ ಅದು ಮುಚ್ಚಿದ್ದಲ್ಲ. ನಾವು ಮಾಡಿದ್ದು ಇಷ್ಟು. ಮೂಲ ಚಿತ್ರದ ಇನ್ನೊಂದು ಪ್ರತಿ ತೆಗೆದು, ಅದರಲ್ಲಿ ಮೇಲಿನ ಸಾಲುಗಳನ್ನು ಮಾತ್ರ ಕತ್ತರಿಸಿ ಉಳಿಸಿ, ಹೆಸರಿನ ಮೇಲೆ ಚಿತ್ರದಲ್ಲೇ ಬಣ್ಣ ಬಳಿದು, ಹೊಸ ಚಿತ್ರವಾಗಿ ಉಳಿಸಿಕೊಂಡು, ಆ ಚಿತ್ರದಿಂದಲೇ ಪಿಡಿಎಫ್ ಕಟ್ಟಿದೆವು. ಆಗ ಕೆಳಗೆ ಸಿಗಲು ಏನೂ ಇರುವುದಿಲ್ಲ. ಅಕ್ಕಿ ಕಡದ ಪಟ್ಟಿಗೂ ಹೀಗೆಯೇ.

ಚಿತ್ರವೊಂದೇ ಅಲ್ಲ, ಬೆರಳಚ್ಚು ಮಾಡಿದ ಪಾಠವೂ ಇದೆ. ಹುಡುಕಿದರೆ ಸಿಗಬೇಕೆಂದು ಪಾಠವನ್ನೆಲ್ಲ ಯೂನಿಕೋಡ್ ಕನ್ನಡದಲ್ಲಿ ಮಾಡಿದೆವು. ಹಳೆಯ ಡಿಟಿಪಿ ಫಾಂಟುಗಳಲ್ಲಿ ಮಾಡಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಒಂದು ಸಾಲನ್ನು ನಕಲು ಮಾಡಿ ಮೆಸೇಜಿನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಅಂಥದ್ದರಲ್ಲಿ ಹುಡುಕುವುದು ಸಾಧ್ಯವಿಲ್ಲ. ಹುಡುಕಿದರೆ ಸಿಗುವ ಪಾಠದ ಇನ್ನೊಂದು ಮುಖವೆಂದರೆ, ತೆಗೆದೆವೆಂದುಕೊಂಡ ಪುಟದ ಪಾಠ ಎಲ್ಲಾದರೂ ಉಳಿದಿದ್ದರೆ ಅದೂ ಸಿಗುತ್ತದೆ. ಆದ್ದರಿಂದ ಕಳುಹಿಸುವ ಮೊದಲು 73ನೆಯ ಪುಟದಲ್ಲಿ ಮಾತ್ರ ಬರುವ ಎರಡು ಮೂರು ಶಬ್ದಗಳನ್ನು ಪಿಡಿಎಫ್‌ನಲ್ಲಿ ಹುಡುಕಿ, ಏನೂ ಸಿಗದೆಂದು ಖಚಿತ ಮಾಡಿಕೊಂಡೆವು. ಚಿತ್ರ ತೆಗೆದ ಮೊಬೈಲಿನ ಗ್ಯಾಲರಿ, ಅದು ತಾನಾಗಿಯೇ ಕಾಪಿ ಇಡುವ ಆನ್‌ಲೈನ್ ಜಾಗ, ಆಪ್‌ನೊಳಗಿನ ಹಳೆಯ ಸ್ಕ್ಯಾನ್, ಅಳಿಸಿದ್ದನ್ನು ಕೆಲವು ದಿನ ಇಟ್ಟುಕೊಳ್ಳುವ ಕಸದ ಡಬ್ಬಿ, ಈ ನಾಲ್ಕು ಕಡೆಯಿಂದಲೂ ಆ ಪುಟವನ್ನು ತೆಗೆದೆವು. ಕುಟುಂಬದ ವಾಟ್ಸಾಪ್ ಗುಂಪಿಗೆ ಕೆಲಸ ಮುಗಿಯುವವರೆಗೆ ಯಾವ ಪುಟವನ್ನೂ ಹಾಕಬಾರದೆಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು.

ಅಜ್ಜಿಯ ಕಾಲದಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. ಪುಸ್ತಕ ಒಂದೇ ಇತ್ತು, ಓದಬೇಕಾದರೆ ಮನೆಗೆ ಬರಬೇಕಿತ್ತು, ಬಂದವರು 73ನೆಯ ಪುಟ ತಿರುವಿದರೆ ಅಜ್ಜಿಯ ಕಣ್ಣು ಅಲ್ಲೇ ಇರುತ್ತಿತ್ತು. ಮಾತನ್ನು ಉಳಿಸುವ ಅರ್ಧ ಕೆಲಸವನ್ನು ಕಾಗದವೇ ಮಾಡುತ್ತಿತ್ತು. ಪಿಡಿಎಫ್ ಒಮ್ಮೆ ಹೋದರೆ ಯಾರನ್ನು ಕೇಳಿಯೂ ವಾಪಸು ತರಲಾಗದು. ಕಾಗದ ಮಾಡುತ್ತಿದ್ದ ಅರ್ಧ ಕೆಲಸವನ್ನೂ ಈಗ ಮನುಷ್ಯರೇ, ಕಳುಹಿಸುವ ಮೊದಲೇ, ಮಾಡಬೇಕು.

ಆ ಪುಟದ ಮುಚ್ಚದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಗ್ರಾಂ ಲೆಕ್ಕವನ್ನು ಬದಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಬಾಯಿಯ ಸೊಸೆಗೆ ಕೊಟ್ಟೆವು. ಅದರ ಫೈಲು ಒಂದು ಪೆನ್‌ಡ್ರೈವ್‌ನಲ್ಲಿ ಅದೇ ಲಕೋಟೆಯಲ್ಲಿದೆ. ಮೂಲ ಹಾಳೆಯನ್ನು ಪುಸ್ತಕದಿಂದ ಹರಿಯುವುದು ಬೇಡವೆಂದು ಅವರೇ ಹೇಳಿದರು. ಬರೆದ ಕೈ ನಿಮ್ಮದು, ಅಲ್ಲೇ ಇರಲಿ ಎಂದರು. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಪುಡಿ ಮಾರುವುದು ನಿಂತ ಮೇಲೆ ಈ ಗುಟ್ಟಿಗೆ ಅರ್ಥ ಉಳಿಯುತ್ತದೆಯೇ ಎಂದು ನಾವು ಅವರನ್ನು ಕೇಳಿದೆವು. ‘ನಾನು ಮಿಲ್ಲಿಗೆ ಹೋಗುವುದು ನಿಲ್ಲಿಸಿದ ದಿನ ಹೇಳುತ್ತೇನೆ, ಆಗ ಬೇಕಾದರೆ ಹಾಕಿ’ ಎಂದರು. ನಮ್ಮ ಪಿಡಿಎಫ್‌ನಲ್ಲಿ 73ನೆಯ ಪುಟದ ಜಾಗ ಆ ದಿನಕ್ಕಾಗಿ ಖಾಲಿ ಇದೆ. ಈ ವರ್ಷದ ಮೊಂತಿ ಹಬ್ಬಕ್ಕೆ ಅವರು ಮಾಡಿದ ಪುಡಿಯಲ್ಲಿ ಒಂದು ಸಾಮಾನಿನ ತೂಕ ಅಜ್ಜಿಯ ಪುಟದಲ್ಲಿರುವಷ್ಟೇ ಇತ್ತು.